ಮಧ್ಯದವೆಲ್ಲ ಹೊಡೆದುಹೋಗುವ ಲೆಕ್ಕ: ಮಹಾವೀರಾಚಾರ್ಯರಿಂದ ಲೈಬ್ನಿಟ್ಸ್‌ವರೆಗೆ

ದಾವಣಗೆರೆಯ ಸಿಇಟಿ ಟ್ಯೂಷನ್ ಕ್ಲಾಸುಗಳಲ್ಲಿ ಈ ಲೆಕ್ಕ ನೋಡದ ಪಿಯು ಹುಡುಗರು ಕಡಿಮೆ: 1/(1·2) + 1/(2·3) + … + 1/(99·100) ಎಷ್ಟು? ಒಂದೊಂದೇ ಕೂಡಿಸುತ್ತಾ ಕೂತರೆ ಪರೀಕ್ಷೆ ಮುಗಿದಿರುತ್ತದೆ. ಉಪಾಯ ಒಂದೇ. 1/(2·3) ಅಂದರೆ 1/2 − 1/3. ಪ್ರತಿ ಪದವನ್ನೂ ಹೀಗೇ ಒಡೆದರೆ −1/2ರ ಪಕ್ಕ +1/2, −1/3ರ ಪಕ್ಕ +1/3 ಬಂದು ಹೊಡೆದುಹೋಗುತ್ತವೆ. ಉಳಿಯುವುದು 1 − 1/100, ಅಂದರೆ 99/100. ಮೇಷ್ಟ್ರುಗಳು ಇದನ್ನು ಟೆಲಿಸ್ಕೋಪಿಂಗ್ ಅನ್ನುತ್ತಾರೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನ ಮೀಟರನ್ನೇ ತೆಗೆದುಕೊಳ್ಳಿ. ಆನಗೋಡಿನವರೆಗೆ ಎಷ್ಟು, ಅಲ್ಲಿಂದ ಭರಮಸಾಗರಕ್ಕೆ ಎಷ್ಟು, ಆಮೇಲೆ ದುರ್ಗಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆದು ಕೂಡಿಸಿದರೂ ಸಿಗುವುದು ಕೊನೆಯ ರೀಡಿಂಗ್‌ನಲ್ಲಿ ಮೊದಲನೆಯದನ್ನು ಕಳೆದಷ್ಟೇ. ನಡುವಿನ ರೀಡಿಂಗ್‌ಗಳು ಒಮ್ಮೆ ಕೂಡುತ್ತವೆ, ಒಮ್ಮೆ ಕಳೆಯುತ್ತವೆ. ಕಷ್ಟ ಇರುವುದು ಕೂಡಿಸುವುದರಲ್ಲಲ್ಲ, ಎದುರಿಗಿರುವ ಪದ ಯಾವ ಎರಡರ ವ್ಯತ್ಯಾಸ ಅಂತ ಗುರುತಿಸುವುದರಲ್ಲಿ.

ಇದರ ಕಥೆ ಸಾಮಾನ್ಯವಾಗಿ ಯುರೋಪಿನಿಂದ ಶುರುವಾಗುತ್ತದೆ. ಆದರೆ ಅದಕ್ಕೂ ಬಹಳ ಮೊದಲೇ ನಮ್ಮ ನಾಡಿನಲ್ಲಿ ಇದರ ಗುರುತು ಸಿಗುತ್ತದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅದರ ಭಿನ್ನರಾಶಿ ಭಾಗದಲ್ಲಿ ಒಂದು ಸೂತ್ರ ಇದೆ. 1 ಅನ್ನು, ಮೇಲೆ 1 ಇರುವ ಬೆಸಸಂಖ್ಯೆಯಷ್ಟು ಭಿನ್ನರಾಶಿಗಳಾಗಿ ಒಡೆಯುವುದು ಹೇಗೆ ಅನ್ನುವುದಕ್ಕೆ ಅದು ಉತ್ತರ. 2ರಿಂದ ಶುರುಮಾಡಿ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಅಕ್ಕಪಕ್ಕದ ಎರಡನ್ನು ಗುಣಿಸಿ ಅರ್ಧ ಮಾಡಿ. ಕೊನೆಯದಕ್ಕೆ ಜೊತೆ ಇಲ್ಲ, ಅದನ್ನು ಸುಮ್ನೆ ಅರ್ಧ ಮಾಡಿ. ಇವೇ ಛೇದಗಳು.

ಐದು ಭಾಗ ಬೇಕೆಂದರೆ 2, 3, 4, 5, 6 ಬರೆಯಬೇಕು. ಛೇದಗಳು 3, 6, 10, 15, ಕೊನೆಗೆ 3.

1/3 + 1/6 + 1/10 + 1/15 + 1/3 = 1

ಮೂವತ್ತನೇ ಭಾಗಗಳಲ್ಲಿ ನೋಡಿದರೆ 10 + 5 + 3 + 2 + 10, ಸರಿಯಾಗಿ 30. ಯಾಕೆ ಹೀಗೆ? 1/3 ಅಂದರೆ 2/2 − 2/3. 1/6 ಅಂದರೆ 2/3 − 2/4. ಹೀಗೇ ಸಾಗಿ 1/15 ಅಂದರೆ 2/5 − 2/6. ನಾಲ್ಕನ್ನೂ ಕೂಡಿದರೆ 1 − 2/6. ಕೊರತೆ ಬಿದ್ದ 2/6 ಅನ್ನೇ ಕೊನೆಯ 1/3 ತುಂಬುತ್ತದೆ. ಸೂತ್ರದಲ್ಲಿ ಈ ವಿವರಣೆ ಇಲ್ಲ, ಬರೀ ವಿಧಾನ ಇದೆ. ಆದರೂ ಆ ಕೊನೆಯ ತುಂಡನ್ನು ಅಷ್ಟು ಸರಿಯಾಗಿ ಕೂರಿಸಿದವರಿಗೆ ಒಳಗಿನ ಹೊಡೆದಾಟ ಕಾಣಿಸಿರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಈಗ 1672ರ ಪ್ಯಾರಿಸ್. ಹೈಗೆನ್ಸ್ ಯುವಕ ಲೈಬ್ನಿಟ್ಸ್‌ಗೆ ಒಂದು ಲೆಕ್ಕ ಕೊಡುತ್ತಾರೆ: 1 + 1/3 + 1/6 + 1/10 + 1/15 + …, ಕೊನೆಯೇ ಇಲ್ಲದೆ ಕೂಡಿದರೆ ಎಷ್ಟು? ಮೊದಲ 1 ಬಿಟ್ಟರೆ ಛೇದಗಳು ಮಹಾವೀರಾಚಾರ್ಯರವೇ ಅಲ್ವಾ! ಲೈಬ್ನಿಟ್ಸ್‌ಗೆ ಇವರ ವಿಷಯ ಗೊತ್ತಿತ್ತು ಅಂತ ಇದರಿಂದ ಹೇಳಲಾಗದು. ಅವರೂ ಪದಗಳನ್ನು ವ್ಯತ್ಯಾಸಗಳಾಗಿ ಒಡೆದರು. ಆದರೆ ಅವರಿಗೆ ಕೊನೆಯ ತುಂಡು ಸೇರಿಸುವ ಹಂಗಿರಲಿಲ್ಲ. ಸಾಲು ಉದ್ದವಾದಂತೆ ಆ ತುಂಡು ಸೊನ್ನೆಯತ್ತ ಇಳಿಯುತ್ತದೆ. ಉತ್ತರ 2. ಇಟಲಿಯ ಬೊಲೋನ್ಯಾದ ಪಿಯೆತ್ರೋ ಮೆಂಗೋಲಿ 1650ರಲ್ಲೇ ಇದನ್ನು ಮಾಡಿ ಮುಗಿಸಿದ್ದರು. ಆದರೆ ಲೈಬ್ನಿಟ್ಸ್ ಅಲ್ಲಿಗೇ ನಿಲ್ಲಲಿಲ್ಲ. ವ್ಯತ್ಯಾಸ ತೆಗೆಯುವುದೂ ಕೂಡಿಸುವುದೂ ಒಂದಕ್ಕೊಂದು ಉಲ್ಟಾ ಅನ್ನುವ ಈ ಹೊಳಹೇ ತನ್ನನ್ನು ಕಲನಶಾಸ್ತ್ರದ ಕಡೆಗೆ ತಂದಿತು ಎಂದು ಅವರೇ ಮುಂದೆ ಬರೆದರು.

ವಿದ್ಯಾರ್ಥಿಗಳು ಜಾಸ್ತಿ ಎಡವುವುದು 1/(1·3) + 1/(2·4) + 1/(3·5) + … ಬಂದಾಗ. ಇಲ್ಲಿ ಪ್ರತಿ ಪದವನ್ನು ಒಡೆದಾಗ ಮುಂದೊಂದು ಅರ್ಧ ಬರುತ್ತದೆ. ಪದ ಹೊಡೆದುಹೋಗುವುದು ಪಕ್ಕದ್ದರ ಜೊತೆಗಲ್ಲ, ಒಂದು ಬಿಟ್ಟು ಇನ್ನೊಂದರ ಜೊತೆ. ಹಾಗಾಗಿ ಶುರುವಿನಲ್ಲಿ ಎರಡು, ಕೊನೆಯಲ್ಲಿ ಎರಡು ಉಳಿಯುತ್ತವೆ. ಕೊನೆಯಿಲ್ಲದ ಮೊತ್ತ (1 + 1/2)ರ ಅರ್ಧ, ಅಂದರೆ 3/4. ಅಭ್ಯಾಸಬಲದಿಂದ ಬರೀ 1 ಇಟ್ಟುಕೊಂಡವರಿಗೆ 1/2 ಬರುತ್ತದೆ. ಮೊದಲ ಮೂರು ಪದ ಕೂಡಿ ನೋಡಿದರೆ ಸಾಕು, ಆಗಲೇ 21/40. ಅರ್ಧ ದಾಟಿಹೋಯಿತು, ತಪ್ಪು ಸಿಕ್ಕಿತು.

ಎಲ್ಲ ಸಾಲೂ ಹೀಗೆ ಮಡಚಿಕೊಳ್ಳುವುದಿಲ್ಲ. 1 + 1/4 + 1/9 + 1/16 + … ಎಷ್ಟು ಅಂತ ಮೆಂಗೋಲಿ ಅದೇ 1650ರಲ್ಲಿ ಕೇಳಿದರು, ಉತ್ತರ ಅವರಿಗೂ ಸಿಗಲಿಲ್ಲ. ಈ ಉಪಾಯದಿಂದ ಒಂದು ಬೇಲಿ ಮಾತ್ರ ಹಾಕಬಹುದು. 1/4 ಎನ್ನುವುದು 1/(1·2)ಕ್ಕಿಂತ ಚಿಕ್ಕದು, 1/9 ಎನ್ನುವುದು 1/(2·3)ಕ್ಕಿಂತ ಚಿಕ್ಕದು. ಆ ದೊಡ್ಡ ಸಾಲಿನ ಮೊತ್ತ 1, ಆದ್ದರಿಂದ ನಮ್ಮದು 2 ದಾಟುವುದಿಲ್ಲ. ನಿಖರ ಬೆಲೆಗೆ ಆಯ್ಲರ್ ಬರಬೇಕಾಯಿತು. 1735ರಲ್ಲಿ ಅವರು ಬೇರೆಯೇ ದಾರಿ ಹಿಡಿದು ಕೊಟ್ಟ ಉತ್ತರ π²/6, ಸುಮಾರು 1.645.