ಮೂಗರ್ಜಿಗೆ ನೋಟಿಸ್ ಬೋರ್ಡಿನಲ್ಲಿ ಉತ್ತರ

ಕಾಗದ ಕನ್ನಡದಲ್ಲಿತ್ತು. ಕಷ್ಟ ಶುರುವಾದದ್ದೇ ಅಲ್ಲಿ.

ಪುಣೆಯ ಭೋಸರಿಯಲ್ಲಿ ಒಂದು ಪ್ರೆಸ್ ಕಾರ್ಖಾನೆ. ತಗಡು ಒತ್ತಿ ವಾಹನಗಳ ಬಿಡಿಭಾಗ ಮಾಡುತ್ತಾರೆ. ಸುಮಾರು 160 ಜನ, ಅದರಲ್ಲಿ ಕನ್ನಡದವರು 22. ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರು. ಉಳಿದವರೆಲ್ಲ ಮರಾಠಿ, ಹಿಂದಿ. ಕಾಗದ ಓದಲು ಬಾರದೆ ಮ್ಯಾನೇಜರ್ ನನ್ನನ್ನು ಕರೆದರು. ಓದಿ ಮುಗಿಸುವ ಮೊದಲೇ ಅವರ ಪ್ರಶ್ನೆ ಬಂತು: ‘ಹೇ ಕೋಣೀ ಲಿಹಿಲಂಯ್?’ ಇದನ್ನು ಬರೆದವರು ಯಾರು?

ಇಪ್ಪತ್ತು ವರ್ಷದಿಂದ ನೌಕರರ ವಿಭಾಗದ ಕೆಲಸ ಮಾಡುತ್ತಿದ್ದೇನೆ. ಮೂಗರ್ಜಿ ಬಂದಾಗ ಎಲ್ಲ ಕಡೆ ಇದೇ ಮೊದಲ ಪ್ರಶ್ನೆ. ಏನು ಬರೆದಿದ್ದಾರೆ ಅನ್ನುವುದು ಎರಡನೆಯದು.

ಬರೆದದ್ದು ನಾಲ್ಕು ವಿಷಯ. ರಾತ್ರಿ ಪಾಳಿ 7 ಗಂಟೆಗೆ ಮುಗಿಯುತ್ತದೆ, ಆಗ ಪಂಚ್ ಮಾಡಿಸಿ ಮತ್ತೆ ಎಂಟರವರೆಗೆ ಕೆಲಸ ಮಾಡಿಸುತ್ತಾರೆ, ಅದಕ್ಕೆ ದುಡ್ಡಿಲ್ಲ. ಪ್ರೆಸ್‌ನ ಎರಡು ಬಟನ್‌ಗಳಲ್ಲಿ ಒಂದಕ್ಕೆ ಟೇಪ್ ಸುತ್ತಿ ಒತ್ತಿಯೇ ಇಟ್ಟಿರುತ್ತಾರೆ. ಒಬ್ಬ ಸೂಪರ್‌ವೈಸರ್ ಹಗಲು ಪಾಳಿ ಕೊಡಲು 300 ರೂಪಾಯಿ ತೆಗೆದುಕೊಳ್ಳುತ್ತಾನೆ. ಕೊನೆಗೆ ಒಂದು ಸಾಲು: ‘ಸ್ಟೋರಿನಾಗೂ ಮೋಸ ಐತಿ.’ ಸಹಿ ಇಲ್ಲ, ಫೋನ್ ನಂಬರ್ ಇಲ್ಲ.

‘ಮೂಗರ್ಜಿ ಅಂದ ಮೇಲೆ ಕಸದ ಬುಟ್ಟಿಗೆ ಹಾಕಬಹುದಲ್ವಾ? ಸರ್ಕಾರದಲ್ಲೇ ಹಾಗೆ’ ಎಂದರು ಮ್ಯಾನೇಜರ್. ಹೆಸರಿಲ್ಲದ ದೂರಿನ ಮೇಲೆ ಕ್ರಮ ಬೇಡ ಎಂದು ಕೇಂದ್ರ ಜಾಗೃತ ಆಯೋಗ ಹೇಳಿರುವುದು ನಿಜ. ಆದರೆ ಆ ಮಾತು ಸರ್ಕಾರಿ ನೌಕರರ ಮೇಲಿನ ದೂರುಗಳಿಗೆ. ಖಾಸಗಿ ಕಾರ್ಖಾನೆಯ ಪ್ರೆಸ್‌ಗೆ ಅದು ಗೊತ್ತಿಲ್ಲ. ಟೇಪ್ ಸುತ್ತಿದ ಪ್ರೆಸ್‌ನಲ್ಲಿ ಬೆರಳು ಹೋದರೆ, ಗೊತ್ತಿದ್ದೂ ಸುಮ್ನಿದ್ದಿರಿ ಎಂದು ಅದೇ ಕಾಗದ ನಾಳೆ ಸಾಕ್ಷಿ ಹೇಳುತ್ತದೆ.

ಹಾಗಾಗಿ ಆ ಒಂದು ವಿಷಯಕ್ಕೆ ನೋಟಿಸ್ ಬರುವವರೆಗೆ ಕಾಯಲಿಲ್ಲ. ಎರಡು ಬಟನ್ ಇಟ್ಟಿರುವುದೇ ಎರಡೂ ಕೈ ಅಚ್ಚಿನಿಂದ ದೂರ ಇರಲಿ ಎಂದು. ಒಂದಕ್ಕೆ ಟೇಪ್ ಹಾಕಿದರೆ ಒಂದು ಕೈ ಬಿಡುವಾಗುತ್ತದೆ, ತಗಡು ಬೇಗ ಹಾಕಬಹುದು, ಪೀಸ್ ಜಾಸ್ತಿ ಬರುತ್ತವೆ. ಬಿಡುವಾದ ಕೈ ಇರುವುದು ಅಚ್ಚಿನ ಕೆಳಗೆ. ಅದೇ ಮಧ್ಯಾಹ್ನ ಮೇಂಟೆನೆನ್ಸ್‌ನವರನ್ನು ಕಳಿಸಿದೆವು. ಕಾಗದದಲ್ಲಿದ್ದ ಪ್ರೆಸ್ ಒಂದಕ್ಕೇ ಅಲ್ಲ, ಹದಿನಾಲ್ಕಕ್ಕೂ. ಮೂರರಲ್ಲಿ ಟೇಪ್ ಸಿಕ್ಕಿತು. ಒಂದನ್ನೇ ನೋಡಲು ಹೋಗಿದ್ದರೆ ಆ ಪ್ರೆಸ್‌ನಲ್ಲಿ ದುಡಿಯುವ ಮೂವರ ಕಡೆ ಬೆರಳು ತೋರಿಸಿದಂತಾಗುತ್ತಿತ್ತು.

ಓವರ್‌ಟೈಮಿನದು ನಿಧಾನದ ಕೆಲಸ. ಇಲ್ಲಿ ಬರೆದವರನ್ನು ಕೇಳುವ ಅಗತ್ಯವೇ ಇರಲಿಲ್ಲ. ಪಂಚಿಂಗ್ ಮಷಿನ್ 7 ಗಂಟೆ ಎನ್ನುತ್ತದೆ. ಆದರೆ ಗೇಟಿನಲ್ಲಿ ಸೆಕ್ಯುರಿಟಿಯವರು ಬರೆಯುವ ರಿಜಿಸ್ಟರ್ ಬೇರೆ ಇದೆ. ಸುಳ್ಳು ಹಾಜರಿ ಬರೆಸುವವರು ಆ ರಿಜಿಸ್ಟರನ್ನು ಮರೆತಿರುತ್ತಾರೆ. ಮೂರು ತಿಂಗಳ ಎರಡೂ ದಾಖಲೆ ಪಕ್ಕಪಕ್ಕ ಇಟ್ಟೆವು. ಅಂತರ ಕಂಡ ಕೂಡಲೇ ತಪ್ಪು ಎನ್ನುವ ಹಾಗಿಲ್ಲ. ಪಾಳಿ ಮುಗಿಸಿದವರು ಕೈಕಾಲು ತೊಳೆದು, ಚಹಾ ಕುಡಿದು, 7.30ರ ಬಸ್ಸಿಗೆ ಕಾಯುತ್ತಾರೆ. ಅದಕ್ಕೇ ಬಸ್ ಹೋದ ಮೇಲೆ ಗೇಟ್ ದಾಟಿದವರನ್ನು ಮಾತ್ರ ತೆಗೆದುಕೊಂಡೆವು. ಅವರ ಪ್ರೆಸ್‌ನ ಕೌಂಟರ್ ಏಳರ ನಂತರ ಓಡಿದೆಯೇ ನೋಡಿದೆವು. 23 ಸಲ ಓಡಿತ್ತು. ಇದನ್ನೂ ಮೂರೂ ಪಾಳಿಗೆ ಮಾಡಿದೆವು. ಎರಡನೇ ಪಾಳಿಯಲ್ಲೂ ಐದು ಸಿಕ್ಕಿದವು, ಅವು ಕಾಗದದಲ್ಲಿ ಇರಲೇ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ತಾವೇ ಒಂದು ನೋಟಿಸ್ ಬರೆದು ಕಳಿಸಿದ್ದರು. ಅದರ ಸಾರಾಂಶ: ‘ರಾತ್ರಿ ಪಾಳಿಯ ಪ್ರೆಸ್ ವಿಭಾಗದಿಂದ ಕನ್ನಡದಲ್ಲಿ ಒಂದು ಅನಾಮಧೇಯ ಪತ್ರ ಬಂದಿದೆ. ಬರೆದವರು ಮೂರು ದಿನದೊಳಗೆ ಆಫೀಸಿಗೆ ಬಂದು ಭೇಟಿಯಾಗಬೇಕು, ಹೆಸರು ಗುಟ್ಟಾಗಿ ಇಡಲಾಗುವುದು. ಸುಳ್ಳು ಆರೋಪ ಮಾಡಿದರೆ ಕ್ರಮ ಕೈಗೊಳ್ಳಲಾಗುವುದು.’

ಮನುಷ್ಯ ಕೆಟ್ಟವರಲ್ಲ. ನಿಜವಾಗಿಯೂ ಮಾತಾಡಬೇಕು ಅಂತಲೇ ಬರೆದಿದ್ದರು. ಆದರೆ ಲೆಕ್ಕ ಹಾಕಿ ನೋಡಿ. ಕನ್ನಡ ಎಂದ ಕೂಡಲೇ 160 ಜನ 22 ಆದರು. ಪ್ರೆಸ್ ವಿಭಾಗ ಎಂದಾಗ ಒಂಬತ್ತು. ಆ ವಾರದ ರಾತ್ರಿ ಪಾಳಿ ಎಂದಾಗ ನಾಲ್ಕು. ಆ ನಾಲ್ವರಲ್ಲಿ ಕನ್ನಡ ನೆಟ್ಟಗೆ ಬರೆಯುವವರು ಯಾರು ಎಂದು ಅವರ ಸೂಪರ್‌ವೈಸರ್‌ಗೆ ಚೆನ್ನಾಗಿ ಗೊತ್ತು. ಹೆಸರು ಗುಟ್ಟಾಗಿ ಇಡುತ್ತೇವೆ ಎನ್ನುವ ನೋಟಿಸೇ ಹೆಸರು ಹೇಳಿಬಿಡುತ್ತಿತ್ತು.

ಅಲ್ಲದೆ ಆಫೀಸಿಗೆ ಯಾರೂ ಬರುವುದಿಲ್ಲ. ಬರುವ ಧೈರ್ಯ ಇದ್ದಿದ್ದರೆ ಮೂಗರ್ಜಿ ಯಾಕೆ ಬರೆಯುತ್ತಿದ್ದರು?

ಭಾಷೆಯ ತೊಡಕು ಇನ್ನೂ ಉಳಿದಿತ್ತು. ಕಾರ್ಖಾನೆಯ ನೋಟಿಸ್‌ಗಳು ಯಾವಾಗಲೂ ಮರಾಠಿ, ಹಿಂದಿಯಲ್ಲಿ. ಇದೊಂದನ್ನು ಕನ್ನಡದಲ್ಲೂ ಹಾಕಿದರೆ ಕಾಗದ ಎಲ್ಲಿಂದ ಬಂತೆಂದು ಬೋರ್ಡೇ ಹೇಳುತ್ತದೆ. ಹಾಕದಿದ್ದರೆ, ಬರೆದವರಿಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದೋ ಇಲ್ಲವೋ. ಅದಕ್ಕೆ ಮೊದಲು ಬಸ್ಸಿನ ವೇಳಾಪಟ್ಟಿಯನ್ನು ಮೂರು ಭಾಷೆಯಲ್ಲಿ ಅಂಟಿಸಿದೆವು. ನಾಲ್ಕು ದಿನ ಬಿಟ್ಟು ರಜೆಗಳ ಪಟ್ಟಿ. ಎರಡು ವಾರದಲ್ಲಿ ಬೋರ್ಡಿನ ಮೇಲೆ ಕನ್ನಡ ಹೊಸದೆನಿಸಲಿಲ್ಲ. ಆ ಎರಡು ವಾರ ಇನ್ನೊಂದಕ್ಕೂ ಬೇಕಿತ್ತು. ಕಾಗದ ಬಂದ ಮರುದಿನವೇ ಉತ್ತರ ಹಾಕಿದರೆ, ನಿನ್ನೆ ದೂರಿನ ಪೆಟ್ಟಿಗೆ ಹತ್ತಿರ ಯಾರಿದ್ದರು ಎಂದು ಜನ ನೆನಪು ಮಾಡಿಕೊಳ್ಳುತ್ತಾರೆ.

ಕೊನೆಗೆ ಹಾಕಿದ ನೋಟಿಸ್ ಇದು:

‘ಎಲ್ಲ ನೌಕರರಿಗೆ ಮತ್ತು ಠೇಕೇದಾರರ ಕಡೆಯ ಕೆಲಸಗಾರರಿಗೆ.

ಹೆಸರಿಲ್ಲದ ಒಂದು ಕಾಗದ ಬಂದಿದೆ. ಓದಿದ್ದೇವೆ. ಯಾರು ಬರೆದರೆಂದು ಹುಡುಕುವುದಿಲ್ಲ. ಹಾಗೆ ಹುಡುಕಲು ಯಾವ ಅಧಿಕಾರಿಗೂ ಅನುಮತಿ ಇಲ್ಲ.

ಮೂರೂ ಪಾಳಿಗಳ ಮೂರು ತಿಂಗಳ ಹಾಜರಿ ನೋಡಿದ್ದೇವೆ. ಪಾಳಿ ಮುಗಿದ ಮೇಲೆ ಮಾಡಿದ ಕೆಲಸ 28 ಸಲ ಲೆಕ್ಕಕ್ಕೆ ಬಂದಿಲ್ಲ. ಅದರ ದುಪ್ಪಟ್ಟು ದರದ ಹಣ ಮುಂದಿನ ಸಂಬಳದ ಚೀಟಿಯಲ್ಲಿ ಬೇರೆ ಸಾಲಿನಲ್ಲಿ ಬರುತ್ತದೆ. ಪಂಚ್ ಮಾಡಿದ ಮೇಲೆ ಯಾರೂ ಕೆಲಸ ಮಾಡಬೇಕಿಲ್ಲ, ಮಾಡಿಸುವಂತಿಲ್ಲ.

ಎಲ್ಲ ಪ್ರೆಸ್‌ಗಳ ಬಟನ್ ಪರೀಕ್ಷಿಸಿ ಸರಿಪಡಿಸಲಾಗಿದೆ. ಇನ್ನು ಪ್ರತಿ ಪಾಳಿಯ ಆರಂಭದಲ್ಲಿ ಪರೀಕ್ಷೆ ನಡೆಯುತ್ತದೆ.

ಪಾಳಿಯ ಪಟ್ಟಿಯನ್ನು ಇನ್ನು ಆಫೀಸು ತಯಾರಿಸಿ ಪ್ರತಿ ಶನಿವಾರ ಇಲ್ಲಿ ಹಾಕುತ್ತದೆ. ಪಾಳಿಗಾಗಿ ಅಥವಾ ರಜೆಗಾಗಿ ಯಾರಿಗೂ ಹಣ ಕೊಡಬೇಕಿಲ್ಲ.

ಒಂದು ವಿಷಯ ನಮಗೆ ಅರ್ಥವಾಗಿಲ್ಲ. ಸಾಮಾನಿಗೆ ಸಂಬಂಧಿಸಿದ್ದು. ಯಾವ ಸಾಮಾನು, ಸುಮಾರು ಯಾವ ತಿಂಗಳು ಎಂದು ತಿಳಿದರೆ ಮುಂದೆ ನೋಡಬಹುದು. ತಿಳಿದವರು ಚೀಟಿ ಬರೆದು, ಮೇಲೆ ಯಾವುದಾದರೂ ನಾಲ್ಕು ಅಂಕಿ ಹಾಕಿ ಪೆಟ್ಟಿಗೆಗೆ ಹಾಕಿ. ಟೋಕನ್ ನಂಬರ್, ಫೋನ್ ನಂಬರ್, ಹುಟ್ಟಿದ ವರ್ಷ ಬೇಡ. ಉತ್ತರವನ್ನು ಅದೇ ಅಂಕಿಯ ಕೆಳಗೆ ಇಲ್ಲಿ ಹಾಕುತ್ತೇವೆ.’

ಹುಡುಕುವುದಿಲ್ಲ ಎಂಬ ಸಾಲಿಗೆ ಮ್ಯಾನೇಜರ್ ಸಹಿ ಹಾಕುವ ಮೊದಲು ನಾನು ಎರಡು ಕೆಲಸ ಮಾಡಿಸಿಕೊಂಡೆ. ಮೂಲ ಕಾಗದ ಲಕೋಟೆಗೆ ಹೋಗಿ ಬೀರುವಿನಲ್ಲಿ ಬೀಗ ಬಿತ್ತು, ಬೇರೆಯವರಿಗೆ ಟೈಪ್ ಮಾಡಿದ ಸಾರಾಂಶ ಮಾತ್ರ. ಕೈಬರಹ ನೋಡಿದವರು ಹೋಲಿಸದೆ ಬಿಡುವುದಿಲ್ಲ. ಪೆಟ್ಟಿಗೆಯನ್ನು ಗೇಟಿನ ಕ್ಯಾಮೆರಾದ ಎದುರಿನಿಂದ ತೆಗೆದು ನೀರಿನ ಕೋಣೆಯ ಪಕ್ಕ ಹಾಕಿಸಿದೆ, ಬೀಗದ ಕೈ ಅಕೌಂಟ್ಸ್‌ನವರ ಹತ್ತಿರ. ಇದಾಗದೆ ಆ ಸಾಲು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು.

ಸೂಪರ್‌ವೈಸರ್ ವಿಷಯಕ್ಕೆ ಕೆಲವರು ನನ್ನ ಮೇಲೆ ಸಿಟ್ಟಾದರು. ಯಾಕೆ ಮೃದುವಾಗಿ ಬರೆದಿರಿ, ಹಣ ತಿಂದವನನ್ನು ಬಿಟ್ಟಿರಲ್ಲ ಎಂದು. ತಿಂದದ್ದಕ್ಕೆ ನನ್ನ ಹತ್ತಿರ ಪುರಾವೆ ಇರಲಿಲ್ಲ. ಯಾರು, ಯಾವಾಗ, ಎಷ್ಟು ಸಲ ಕೊಟ್ಟರು ಎಂದು ಹೇಳುವವರು ಮುಂದೆ ಬರದೆ ಅವನ ಮೇಲೆ ವಿಚಾರಣೆ ನಿಲ್ಲುವುದಿಲ್ಲ. ಬೋರ್ಡಿನಲ್ಲಿ ಅವನ ಸುಳಿವು ಕೊಡುವುದು ವಿಚಾರಣೆ ಇಲ್ಲದೆ ಶಿಕ್ಷೆ ಕೊಟ್ಟಂತೆ. ಪಾಳಿ ಹಂಚುವ ಕೆಲಸ ಅವನ ಕೈಯಿಂದ ಹೋದರೆ ಮಾರಲು ಅವನ ಹತ್ತಿರ ಏನೂ ಉಳಿಯುವುದಿಲ್ಲ. ಎಲ್ಲ ಸೂಪರ್‌ವೈಸರ್‌ಗಳಿಂದಲೂ ಅದನ್ನು ತೆಗೆದೆವು. ಒಳ್ಳೆಯ ಇಬ್ಬರು ಬೇಜಾರು ಮಾಡಿಕೊಂಡರು, ಅದು ನಿಜ.

ಈ ರೀತಿಯ ನೋಟಿಸ್ ಎಲ್ಲ ದೂರಿಗೂ ನಡೆಯುವುದಿಲ್ಲ. ಕಾಗದ ಲೈಂಗಿಕ ಕಿರುಕುಳದ್ದಾದರೆ ಬೋರ್ಡಿನಲ್ಲಿ ಅದರ ಸುದ್ದಿಯೇ ಎತ್ತಬಾರದು. 2013ರ ಕಾಯ್ದೆ ಆ ದೂರಿನ ವಿವರ ಬಹಿರಂಗ ಮಾಡುವುದನ್ನು ತಡೆಯುತ್ತದೆ. ಆಗ ಆಂತರಿಕ ಸಮಿತಿಯ ಸದಸ್ಯರ ಹೆಸರು, ಫೋನ್ ಇರುವ ಹಲಗೆ ಎಲ್ಲರಿಗೂ ಕಾಣುವಂತಿದೆಯೇ ನೋಡಿ. ಸಮಿತಿಯ ಹೆಣ್ಣುಮಕ್ಕಳು ಎಲ್ಲ ವಿಭಾಗಗಳ ಮಹಿಳೆಯರನ್ನು ಮಾಮೂಲಿ ಭೇಟಿಯಂತೆ ಕಂಡು ಬರಲಿ.

ನೋಟಿಸ್‌ನಲ್ಲಿ ನಾನು ಬೇಕಂತಲೇ ಬಿಟ್ಟದ್ದು ಒಂದಿತ್ತು. ಟೇಪಿನ ಮಾತು ಅಲ್ಲಿ ಎಲ್ಲೂ ಇಲ್ಲ, ಬರೀ ಬಟನ್ ಎಂದಿದೆ. ಕಾಗದದಲ್ಲಿ ಮಾತ್ರ ಟೇಪಿನ ಬಣ್ಣವೂ ಇತ್ತು. ಚೀಟಿಗಳು ಬರತೊಡಗಿದರೆ ಯಾರದೋ ಹಳೆಯ ಜಗಳವೂ ಅದರೊಳಗೆ ನುಸುಳುತ್ತದೆ. ಮೊದಲ ಕಾಗದದವರು ಯಾರು, ಹೊಸಬರು ಯಾರು ಎಂದು ತಿಳಿಯಲು ಒಂದು ಗುರುತು ನಮ್ಮಲ್ಲೇ ಉಳಿಯಬೇಕು.

ಮೊದಲ ವಾರ ಏನೂ ಬರಲಿಲ್ಲ. ವಿಜಯಪುರದ ಹಿರಿಯರೊಬ್ಬರು ಕ್ಯಾಂಟೀನಿನಲ್ಲಿ ಪಕ್ಕ ಕೂತು, ‘ಸಾಹೇಬ್ರ, ಕನ್ನಡದಾಗ ಬೋರ್ಡ್ ಹಾಕಿದ್ದು ಚೊಲೋ ಆತ್ರಿ’ ಎಂದರು. ನಾನು ಬಸ್ಸಿನ ವೇಳೆಯ ಬಗ್ಗೆ ಮಾತಾಡಿದೆ. ಅವರೂ ಬಸ್ಸಿನ ಬಗ್ಗೆಯೇ ಮಾತಾಡಿದರು.

ಸಂಬಳ ಆದ ಎರಡನೇ ದಿನ ಪೆಟ್ಟಿಗೆಯಲ್ಲಿ ಆರು ಚೀಟಿ. ಐದರಲ್ಲಿ ಕ್ಯಾಂಟೀನಿನ ಪಲ್ಯದ ದೂರು, ಅಂಕಿ ಇಲ್ಲ. ಆರನೆಯದರ ಮೇಲೆ ನಾಲ್ಕು ಅಂಕಿ ಇತ್ತು. ಸ್ಟೋರಿನಿಂದ ಹೊಸ ಕೈಗವಸು ಹೊರಗೆ ಹೋಗುತ್ತವೆ, ದೀಪಾವಳಿಯ ತಿಂಗಳಿನ ರಿಜಿಸ್ಟರ್ ನೋಡಿ ಎಂದು ಬರೆದಿತ್ತು. ಕೆಳಗೆ ಒಂದು ಮಾತು: ಹಳದಿ ಟೇಪ್ ತೆಗೆಸಿದ್ದಕ್ಕೆ ಥ್ಯಾಂಕ್ಸ್. ಬಣ್ಣ ಸರಿಯಾಗಿತ್ತು. ಚೀಟಿ ಮಾತ್ರ ಹಿಂದಿಯಲ್ಲಿತ್ತು.