ಒಡೆದ ಕಾಯಿ ಕೊಳೆತಿದ್ದರೆ ಅರ್ಚನೆ ವ್ಯರ್ಥವಾಯಿತೇ?

ಓದುಗರ ಪ್ರಶ್ನೆ: ಮಗಳ ಹುಟ್ಟುಹಬ್ಬದಂದು ಅರ್ಚನೆಯ ಚೀಟಿ ಪಡೆದು ಹಣ್ಣುಕಾಯಿ ಕೊಟ್ಟೆವು. ಒಡೆದಾಗ ಕಾಯಿ ಕೊಳೆತಿತ್ತು. ಇದು ಅಪಶಕುನವೇ? ಮತ್ತೊಂದು ಚೀಟಿ ಪಡೆಯಬೇಕಿತ್ತೇ?

ಉತ್ತರ: ಎರಡಕ್ಕೂ ಇಲ್ಲವೆಂದೇ ಹೇಳುತ್ತೇನೆ. ಚೀಟಿಯ ಹಣ ಸೇವೆಗೆ ಸಲ್ಲುತ್ತದೆಯೇ ಹೊರತು ಕಾಯಿಗಲ್ಲ. ಅರ್ಚಕರು ನಿಮ್ಮ ಗೋತ್ರ, ನಕ್ಷತ್ರ, ರಾಶಿ ಮತ್ತು ಹೆಸರುಗಳನ್ನು ಹೇಳಿ ಸಂಕಲ್ಪ ಮಾಡಿ, ಅಷ್ಟೋತ್ತರವಾದರೆ ದೇವರ 108 ನಾಮಗಳಿಗೆ ಹೂವು ಅಥವಾ ಕುಂಕುಮ ಏರಿಸಿದರೆಂದರೆ ಅರ್ಚನೆ ನಡೆದಂತೆಯೇ. ಕಾಯಿ ನೈವೇದ್ಯದ ಭಾಗ; ಅದು ಕೆಟ್ಟಿದ್ದರೆ ಹೊರಗಿನ ಅಂಗಡಿಯಿಂದ ಇನ್ನೊಂದನ್ನು ತಂದುಕೊಟ್ಟರೆ ಸಾಮಾನ್ಯವಾಗಿ ಅದೇ ಚೀಟಿಯ ಮೇಲೆಯೇ ಒಡೆದುಕೊಡುತ್ತಾರೆ. ಗೋತ್ರ ತಿಳಿಯದವರು ಹಾಗೆಂದು ಹೇಳಬಹುದು. ಅರ್ಚಕರು ರೂಢಿಯಂತೆ ಒಂದು ಗೋತ್ರವನ್ನು ಸೇರಿಸಿಕೊಳ್ಳುತ್ತಾರೆ.

ಕಾಯಿ ಕೊಳೆಯುವುದಕ್ಕೆ ಕಾರಣ ಬಹುತೇಕ ಕರಟದ ಕೂದಲೆಳೆಯಂತಹ ಬಿರುಕು ಅಥವಾ ಮೆತ್ತಗಾದ ಕಣ್ಣು. ಅಲ್ಲಿಂದ ಗಾಳಿ, ತೇವ ಒಳಹೊಕ್ಕು ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕಿವಿಯ ಬಳಿ ಅಲುಗಿಸಿ ನೀರಿನ ಸದ್ದು ಕೇಳಿ. ಕರಟ ಒದ್ದೆಯಾಗಿದ್ದರೆ, ಕಣ್ಣಿನ ಸುತ್ತ ಹುಳಿವಾಸನೆಯಿದ್ದರೆ ಬಿಟ್ಟುಬಿಡಿ. ಆದರೆ ಜುಟ್ಟು ಕಣ್ಣುಗಳನ್ನು ಮುಚ್ಚಿಕೊಂಡಿರುವುದರಿಂದ ಎಷ್ಟೇ ಪರೀಕ್ಷಿಸಿದರೂ ಒಂದೊಂದು ಕಾಯಿ ಮೋಸಮಾಡುತ್ತದೆ. ಜುಟ್ಟನ್ನು ಮೊದಲೇ ಕಿತ್ತು ನೋಡುವಂತಿಲ್ಲ, ಏಕೆಂದರೆ ದೇವರಿಗೆ ಕೊಡುವ ಕಾಯಿಗೆ ಅದು ಇರಲೇಬೇಕೆಂಬುದು ನಮ್ಮಲ್ಲಿನ ರೂಢಿ. ಒಡೆದಾಗ ಒಳಗೆ ಬಿಳಿಯ ಮೃದುವಾದ ಉಂಡೆ ಕಂಡರೆ ಅದು ಕೊಳೆತದ್ದಲ್ಲ; ಕಾಯಿ ಮೊಳೆಯಲು ತೊಡಗಿದಾಗ ಮೂಡುವ ಈ ಉಂಡೆಯನ್ನು ಹಿರಿಯರು ‘ಹೂವು ಬಂದಿದೆ’ ಎಂದು ಶುಭವಾಗಿಯೇ ಕಾಣುತ್ತಾರೆ.

ತಟ್ಟೆಯಲ್ಲಿಡುವ ಹೂವನ್ನು ಮೂಸಬಾರದು, ಕರ್ಪೂರವನ್ನು ಪ್ಲಾಸ್ಟಿಕ್ ಹೊದಿಕೆ ಬಿಡಿಸಿಯೇ ಇಡಬೇಕು. ಹೊಗೆಯಿಂದ ಕಲ್ಲು ಕಪ್ಪಾಗುತ್ತದೆಂದು ಕೆಲವು ದೇವಸ್ಥಾನಗಳಲ್ಲಿ ಒಳಗೆ ಭಕ್ತರು ಕರ್ಪೂರ ಹಚ್ಚುವಂತಿಲ್ಲ. ಅಲ್ಲಿ ಹೊರಗಿನ ನಿಗದಿತ ಜಾಗದಲ್ಲಿಯೇ ಹಚ್ಚುವುದು ಸರಿ.

ಪ್ರಸಾದದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೈಯಲ್ಲಿ ಉಳಿದ ಕುಂಕುಮವನ್ನು ಕಂಬಕ್ಕೆ ಒರೆಸದೆ ಎಲೆಯಲ್ಲಿ ಕಟ್ಟಿ ತನ್ನಿ. ಹೂವನ್ನು ಕಣ್ಣಿಗೊತ್ತಿಕೊಂಡು ಮುಡಿಯಿರಿ. ಬಾಡಿದ ಮೇಲೆ ಯಾರೂ ತುಳಿಯದಂತೆ ಗಿಡದ ಬುಡಕ್ಕೆ ಹಾಕಿರಿ. ಒಡೆದ ಹೋಳನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಸಂಜೆಯೊಳಗೆ ಅಂಟಂಟಾಗಿ ಹಳಸಲು ವಾಸನೆ ಬರುತ್ತದೆ. ದೇವರ ಪ್ರಸಾದವೆಂದು ಅಡುಗೆಗೆ ಬಳಸದೆ ದೇವರ ಕೋಣೆಯಲ್ಲೇ ಒಣಗಿಸುವವರೂ ಇದ್ದಾರೆ. ಆದರೆ ಪ್ರಸಾದವಿರುವುದು ತಿನ್ನುವುದಕ್ಕೆ. ಅಂದೇ ತುರಿದು ಬೆಲ್ಲ, ಏಲಕ್ಕಿ ಸೇರಿಸಿ ಮನೆಯವರಿಗೂ ನೆರೆಯವರಿಗೂ ಹಂಚಿರಿ, ಉಳಿದದ್ದನ್ನು ಅನ್ನದ ಸಾರಿಗೋ ಪಲ್ಯಕ್ಕೋ ಹಾಕಿರಿ. ಮಾಂಸದ ಅಡುಗೆಗೆ ಮಾತ್ರ ಹಲವು ಮನೆಗಳಲ್ಲಿ ಅದನ್ನು ಬಳಸುವುದಿಲ್ಲ.