ದಿನಾ ಬ್ಯಾಕಪ್ ತಗೋತೀರಿ ಸರಿ, ಹೋದ ತಿಂಗಳದ್ದು ಎಲ್ಲಿ?

"ದಿನಾ ತಪ್ಪದೆ ಬ್ಯಾಕಪ್ ತಗೋತೀವಿ ಸರ್." ಈ ಮಾತು ಕೇಳಿದರೆ ನನಗೆ ಸಮಾಧಾನಕ್ಕಿಂತ ಭಯವೇ ಜಾಸ್ತಿ. "ಎಲ್ಲಿಗೆ?" ಅಂತ ಕೇಳಿದರೆ ಡ್ರಾಯರ್‌ನಿಂದ ಒಂದೇ ಒಂದು ಪೆನ್‌ಡ್ರೈವ್ ಹೊರಗೆ ಬರುತ್ತದೆ. ನಿನ್ನೆಯದನ್ನು ಅಳಿಸಿ ಇವತ್ತಿನದು, ಇವತ್ತಿನದನ್ನು ಅಳಿಸಿ ನಾಳೆಯದು. ಎರಡು ವರ್ಷ ಹೀಗೆ ಮಾಡಿದರೂ ಕೈಯಲ್ಲಿ ಇರುವುದು ನಿನ್ನೆ ಸಂಜೆಯ ಪ್ರತಿ ಮಾತ್ರ.

ನಮ್ಮ ಊರಿನ ಕಬ್ಬಿಣ-ಸಿಮೆಂಟಿನ ಅಂಗಡಿಯೊಂದರಲ್ಲಿ ಹೀಗೇ ಆಯಿತು. ಲೆಕ್ಕ ಬರೆಯುವ ಹುಡುಗ ಒಂದು ಮಂಗಳವಾರ ಟ್ಯಾಲಿಯಲ್ಲಿ ಕಲಿಯಲು ಮಾಡಿಕೊಂಡಿದ್ದ ಡಮ್ಮಿ ಕಂಪನಿಯ ಎಂಟ್ರಿಗಳನ್ನು ಅಳಿಸಲು ಹೋದ. ತೆರೆದಿದ್ದದ್ದು ಅಸಲಿ ಕಂಪನಿ. ಎರಡು ತಿಂಗಳ ಖರೀದಿ ವೋಚರ್‌ಗಳು ಹೋದವು, ಯಾರಿಗೂ ಗೊತ್ತಾಗಲಿಲ್ಲ. 17 ದಿನ ಬಿಟ್ಟು, ಶುಕ್ರವಾರ, ಕಬ್ಬಿಣ ಕೊಟ್ಟವರು ಬಾಕಿ ಕೇಳಲು ಬಂದಾಗ ನೋಡಿದರೆ ಅವರ ಖಾತೆಯಲ್ಲಿ ಏನೂ ಇಲ್ಲ! ಪೆನ್‌ಡ್ರೈವ್ ನೋಡಿದರೆ ಅದರಲ್ಲೂ ಇಲ್ಲ. ಆ ಮಂಗಳವಾರ ಸಂಜೆಯೇ ಪಾಪ, ಅದೇ ಹುಡುಗ ನಿಯತ್ತಾಗಿ ಬ್ಯಾಕಪ್ ತೆಗೆದು, ಸರಿಯಿದ್ದ ಪ್ರತಿಯನ್ನೂ ಅಳಿಸಿದ್ದ. ಕೊನೆಗೆ ಬಿಲ್ಲಿನ ಫೈಲು ಬಿಚ್ಚಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು.

ಹಾರ್ಡ್ ಡಿಸ್ಕ್ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ, ಅದಕ್ಕೆ ನಿನ್ನೆಯ ಪ್ರತಿ ಸಾಕು. ಕೈತಪ್ಪಿ ಅಳಿಸಿದ್ದು ತಡವಾಗಿ ಗೊತ್ತಾಗುತ್ತದೆ. ಅಷ್ಟರಲ್ಲಿ ತಪ್ಪು ಬ್ಯಾಕಪ್ಪಿನೊಳಗೂ ಸೇರಿಕೊಂಡಿರುತ್ತದೆ. ಆಗ ಬೇಕಾಗುವುದು ತಪ್ಪಿಗಿಂತ ಹಳೆಯ ಪ್ರತಿ.

ಅದಕ್ಕೇ ನಮ್ಮ ಕಸುಬಿನಲ್ಲಿ ಅಜ್ಜ-ಅಪ್ಪ-ಮಗ ಅನ್ನುವ ಪದ್ಧತಿ ಇದೆ. ಮಗ ಅಂದರೆ ದಿನದ ಪ್ರತಿ: ಸೋಮವಾರದಿಂದ ಶುಕ್ರವಾರದವರೆಗೆ ಐದು ಫೋಲ್ಡರ್. ಮುಂದಿನ ಸೋಮವಾರ ಹಳೆಯ ಸೋಮವಾರದ್ದನ್ನು ಮಾತ್ರ ಅಳಿಸಿ ಹೊಸದು. ಅಪ್ಪ ಅಂದರೆ ಶನಿವಾರದ್ದು, ನಾಲ್ಕು ಪ್ರತಿ. ಐದನೇ ಶನಿವಾರ ಬಂದಾಗ ಮೊದಲನೆಯದು ಹೋಗುತ್ತದೆ. ಅಜ್ಜ ತಿಂಗಳ ಕೊನೆಯದು, ಹನ್ನೆರಡು. ಒಟ್ಟು 21. ಮಾರ್ಚ್ 31ರದ್ದನ್ನು ಮಾತ್ರ ಅಳಿಸದೆ ಬೇರೆ ಇಡಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು, ಕಂಪನಿಯಾಗಿದ್ದರೆ ಎಂಟು ವರ್ಷ. ನಿಮಗೆ ಎಷ್ಟು ಅನ್ವಯಿಸುತ್ತದೆ ಅನ್ನುವುದನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಆ ಅಂಗಡಿಯಲ್ಲಿ ಈ ಪದ್ಧತಿ ಇದ್ದಿದ್ದರೆ? ಶುಕ್ರವಾರ ನೋಡುವ ಹೊತ್ತಿಗೆ ಐದೂ ದಿನದ ಪ್ರತಿಗಳಲ್ಲಿ ತಪ್ಪು ಇರುತ್ತಿತ್ತು. ಕೊನೆಯ ಎರಡು ಶನಿವಾರದ್ದರಲ್ಲೂ ಇರುತ್ತಿತ್ತು. ಅದರ ಹಿಂದಿನ ಶನಿವಾರದ್ದು, ಅಂದರೆ ಮಂಗಳವಾರಕ್ಕೆ ಮೂರು ದಿನ ಮೊದಲಿನದು, ಚೊಕ್ಕವಾಗಿ ಸಿಗುತ್ತಿತ್ತು. ಅದನ್ನು ಚಾಲ್ತಿ ಲೆಕ್ಕದ ಮೇಲೆ ಮಾತ್ರ ಹಾಕಬೇಡಿ, ಆಮೇಲಿನ ದಿನಗಳ ಕೆಲಸವೆಲ್ಲ ಹೋದೀತು. ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿ, ಹೋದ ವೋಚರ್‌ಗಳನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳಿ.

ಇದಕ್ಕೂ ಮಿತಿ ಇದೆ. ಸೋಮವಾರ ಬರೆದ ಎಂಟ್ರಿ ಗುರುವಾರ ಅಳಿದು, ಎರಡು ವಾರದ ಮೇಲೆ ಗೊತ್ತಾದರೆ ಅದು ಯಾವ ಪ್ರತಿಯಲ್ಲೂ ಸಿಗುವುದಿಲ್ಲ. ಅದು ನಿಮಗೆ ತಡೆಯಲಾಗದ ನಷ್ಟವಾದರೆ ದಿನದ ಪ್ರತಿಗಳನ್ನು ಐದರ ಬದಲು ಮೂವತ್ತು ಮಾಡಿ.

"21 ಡಿಸ್ಕ್ ಎಲ್ಲಿಂದ ತರಲಿ ಸರ್?" ಅನ್ನುತ್ತಾರೆ. ಪ್ರತಿ ಬೇರೆ, ಡಿಸ್ಕ್ ಬೇರೆ. ಡೇಟಾ 1.5 ಜಿಬಿ ಇದ್ದರೆ 21 ಪ್ರತಿಗೆ ಸುಮಾರು 32 ಜಿಬಿ ಅಷ್ಟೇ. ಫೋಟೋ ಸ್ಟುಡಿಯೋದ ಕಥೆ ಬೇರೆ, ಅಲ್ಲಿ ಪ್ರತಿ ಸಲ ಇಡೀ ಡೇಟಾ ನಕಲು ಮಾಡಲು ಆಗುವುದಿಲ್ಲ. ಸಣ್ಣ ಆಫೀಸಿಗೆ ನಾನು ಹೇಳುವುದು ಮೂರು ಡಿಸ್ಕ್. ಒಂದು ಆಫೀಸಿನಲ್ಲಿ, ದಿನದ್ದಕ್ಕೆ. ಉಳಿದ ಎರಡು ಶನಿವಾರಕ್ಕೊಂದರಂತೆ ಬದಲಾಗುತ್ತವೆ, ಒಂದು ಯಾವಾಗಲೂ ಮಾಲೀಕರ ಮನೆಯಲ್ಲಿ. ತಿಂಗಳ ಪ್ರತಿ ಆ ಎರಡರಲ್ಲೂ ಇರಲಿ. ಕೆಲಸ ಮುಗಿದ ಕೂಡಲೇ ಡಿಸ್ಕ್ ಬಿಚ್ಚಿಡಿ. ಚುಚ್ಚಿಯೇ ಬಿಟ್ಟರೆ ರ‍್ಯಾನ್ಸಮ್‌ವೇರ್ ಬಂದ ದಿನ ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ.

ಹಾಂ, ಟ್ಯಾಲಿ ಮುಚ್ಚಿಯೇ ನಕಲು ಮಾಡಿ, ತೆರೆದಿರುವಾಗ ತೆಗೆದದ್ದು ಅರೆಬರೆ ಆಗಿರಬಹುದು. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ತಿಂಗಳ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಆ ತಿಂಗಳ ಕೊನೆಯ ಬ್ಯಾಂಕ್ ಬಾಕಿ ನೋಡಿ. ಅಂದಿನ ಪ್ರಿಂಟಿಗೆ ತಾಳೆಯಾಗದಿದ್ದರೆ ಅವತ್ತೇ ನನಗೆ ಫೋನ್ ಮಾಡಿ.